ಶೇಂಗಾಕ್ಕೆ ಒಂದೇ ಮೇಟಿ ಸಾಕು, ನೂರು ತಲೆಬರಹ ಬೇಡ

ನಮ್ಮ ರೈತ ಗುಂಪಿನವರು ಒಂದು ಪುಟ್ಟ ವೆಬ್‌ಸೈಟ್ ಮಾಡಿಸಿದ್ದಾರೆ ಅಂತ ನಿಮಗೆಲ್ಲ ಗೊತ್ತು. ಹೋದ ವಾರ ಕೂತು, ಅದರಲ್ಲಿ ಏನೇನು ಬರೀಬೇಕು ಅಂತ ಪಟ್ಟಿ ಮಾಡಿದ್ವಿ. ಒಬ್ಬರು ರೇಷ್ಮೆ ಅಂದ್ರು, ಒಬ್ಬರು ದಾಳಿಂಬೆ, ಇನ್ನೊಬ್ಬರು ಕುರಿ, ಹುಣಸೆ, ಕೃಷಿಹೊಂಡ, ಸೋಲಾರ್ ಪಂಪು. ಪಟ್ಟಿ ಅರವತ್ತು ತಲೆಬರಹ ದಾಟ್ತು. ಬರೆಯೋ ಕೈ ಮಾತ್ರ ಮೂರು ಜನದ್ದು, ಅದೂ ರಾತ್ರಿ ಹೊತ್ತು. ನನ್ನ ಅಭಿಪ್ರಾಯ ಅಲ್ಲೇ ಹೇಳಿದೆ, ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ: ಈ ವರ್ಷ ಶೇಂಗಾ ಒಂದನ್ನೇ ಹಿಡಿಯೋಣ. ಒಂದು ಮುಖ್ಯ ಪುಟ, ಅದರ ಸುತ್ತ ಹತ್ತು ಹನ್ನೊಂದು ಬರಹ. ಉಳಿದದ್ದು ಆಮೇಲೆ.

ಈ ಪದ್ಧತಿ ನಾನು ಕಂಡುಹಿಡಿದದ್ದಲ್ಲ. 2017ರ ಸುಮಾರಿಗೆ ಹಬ್‌ಸ್ಪಾಟ್ ಅನ್ನೋ ಅಮೆರಿಕದ ಕಂಪನಿ ಇದನ್ನ ಪ್ರಚಾರಕ್ಕೆ ತಂತು. ಒಂದು ದೊಡ್ಡ ವಿಷಯಕ್ಕೆ ಒಂದು ಪಿಲ್ಲರ್ ಪುಟ, ಅಂದ್ರೆ ಕಂಬದ ಪುಟ. ಅದರಲ್ಲಿ ಆ ವಿಷಯದ ಪ್ರತಿ ಭಾಗವೂ ನಾಲ್ಕೈದು ಸಾಲಿನಲ್ಲಿ ಬರುತ್ತೆ. ಒಂದೊಂದು ಭಾಗವನ್ನ ಪೂರ್ತಿ ಬಿಡಿಸಿ ಹೇಳೋದಕ್ಕೆ ಬೇರೆ ಬೇರೆ ಬರಹ. ಕಂಬದ ಪುಟದಿಂದ ಎಲ್ಲಾ ಬರಹಕ್ಕೂ ಕೊಂಡಿ, ಪ್ರತಿ ಬರಹದಿಂದ ತಿರುಗಿ ಕಂಬಕ್ಕೆ ಕೊಂಡಿ. ನಮ್ಮ ಕಡೆ ಕಣದ ನಡುವೆ ಮೇಟಿ ನಿಲ್ಲಿಸಿ ಅದಕ್ಕೆ ದನ ಕಟ್ಟಿ ಒಕ್ಕಲು ಮಾಡ್ತಿದ್ದದ್ದು ನೋಡಿದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ನಾನು ಇದನ್ನ ಮೇಟಿ ಪುಟ ಅಂತ ಕರೀತೀನಿ, ಸುತ್ತ ಇರೋದು ಸುತ್ತಿನ ಬರಹ.

ಇದು ಗೂಗಲ್‌ಗೋಸ್ಕರ ಮಾಡೋ ಚಮತ್ಕಾರ ಅಂತ ಒಬ್ಬರು ಅಂದ್ರು. ಹಂಗಲ್ಲ. ಗೂಗಲ್ ಒಂದು ಪುಟವನ್ನ ಕಂಡುಹಿಡಿಯೋದು ಮುಖ್ಯವಾಗಿ ಇನ್ನೊಂದು ಪುಟದಲ್ಲಿರೋ ಕೊಂಡಿ ಹಿಡಿದು. ಯಾವ ಕಡೆಯಿಂದಲೂ ಕೊಂಡಿ ಇಲ್ಲದ ಬರಹ ಬೇಲಿಯಾಚೆ ಒಂಟಿ ಗಿಡ ಇದ್ದಂಗೆ. ಆದ್ರೆ ಕೊಂಡಿ ಹಾಕಿದ ಮಾತ್ರಕ್ಕೆ ಮೊದಲ ಸ್ಥಾನ ಸಿಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನನಗೆ ಇದು ಹಿಡಿಸಿದ್ದು ಬೇರೆ ಕಾರಣಕ್ಕೆ. ಶೇಂಗಾದಲ್ಲಿ ಒಂದೊಂದು ಕೆಲಸಕ್ಕೂ ದಿನದ ಲೆಕ್ಕ ಇದೆ. ಎಲೆ ಚುಕ್ಕೆ ಅಂತ ಹುಡುಕಿಕೊಂಡು ಬಂದ ರೈತನಿಗೆ, ಅವನು ಕೇಳದೇ ಇದ್ರೂ, ಜಿಪ್ಸಂ ಹಾಕೋ ದಿನ ದಾಟ್ತಾ ಇದೆ ಅನ್ನೋದು ಮೇಟಿ ಪುಟದಲ್ಲಿ ಕಣ್ಣಿಗೆ ಬೀಳುತ್ತೆ. ಚೆಲ್ಲಾಪಿಲ್ಲಿ ಬರೆದಿಟ್ಟರೆ ಬೀಳೋದಿಲ್ಲ.

ಈಗ ಏನಾಗ್ತಿದೆ ನೋಡ್ರಿ. ನಮ್ಮೋರು ಫೋನ್‌ನಲ್ಲಿ ಶೇಂಗಾ ಅಂತ ಹುಡುಕ್ತಾರೆ, ಗುಜರಾತಿನ ನೀರಾವರಿ ಶೇಂಗಾ ಬರುತ್ತೆ. ಅವರ ಗೊಬ್ಬರದ ಲೆಕ್ಕ, ನೀರಿನ ಲೆಕ್ಕ ಎಲ್ಲಾ ಬೇರೆ. ಅನಂತಪುರ, ರಾಯದುರ್ಗ ಕಡೆಯ ತೆಲುಗು ವಿಡಿಯೋ ಬಂದ್ರೆ ಪುಣ್ಯ, ನೆಲ ಮಳೆ ಎರಡೂ ಹೆಚ್ಚುಕಮ್ಮಿ ನಮ್ಮದೇ ಥರ, ಭಾಷೆಯೂ ನಮ್ಮಲ್ಲಿ ಬಹಳ ಜನಕ್ಕೆ ಬರುತ್ತೆ. ಕನ್ನಡದಲ್ಲಿ, ಮಳೆ ನಂಬಿದ ಕೆಂಪು ಮಸಾರಿ ನೆಲಕ್ಕೆ ಅಂತಲೇ ಬರೆದದ್ದು ಸಿಗೋದು ಕಷ್ಟ. ಆ ಖಾಲಿ ಜಾಗ ನಮ್ಮದು.

ಮೇಟಿ ಯಾವುದಾಗಬೇಕು ಅನ್ನೋದೇ ಮೊದಲ ಪ್ರಶ್ನೆ. 'ಕೃಷಿ' ಅಂತ ಇಟ್ಟರೆ ಅದು ಮೇಟಿ ಅಲ್ಲ, ಇಡೀ ಊರು. ಕುರಿ ಸಾಕೋನಿಗೂ ರೇಷ್ಮೆಯವನಿಗೂ ಒಂದೇ ಪುಟ ಅಂದ್ರೆ ಇಬ್ಬರಿಗೂ ದಕ್ಕೋದಿಲ್ಲ. 'ಟಿಕ್ಕಾ ರೋಗ' ಅಂತ ಇಟ್ಟರೆ ತೀರಾ ಚಿಕ್ಕದು, ಎರಡು ಬರಹಕ್ಕೆ ಮುಗಿದುಹೋಗುತ್ತೆ. ನಾನು ಇಟ್ಟುಕೊಂಡಿರೋ ಪರೀಕ್ಷೆ ಸರಳ. ಒಬ್ಬನೇ ರೈತ, ಒಂದೇ ಹೊಲ, ಒಂದೇ ಹಂಗಾಮಿನಲ್ಲಿ, ಆ ಮೇಟಿಯ ಸುತ್ತಿನ ಎಲ್ಲಾ ಬರಹವನ್ನೂ ಒಂದಲ್ಲ ಒಂದು ದಿನ ತೆಗೆದು ನೋಡೋ ಹಂಗಿರಬೇಕು. ಮಳೆ ನಂಬಿದ ಶೇಂಗಾ ಈ ಪರೀಕ್ಷೆಯಲ್ಲಿ ಪಾಸಾಗುತ್ತೆ. ನೀರಾವರಿ ಬೇಸಿಗೆ ಶೇಂಗಾವನ್ನೂ ಇದರೊಳಗೇ ತುರುಕೋಣ ಅಂದ್ರು ಒಬ್ಬರು. ನನ್ನ ಪ್ರಕಾರ ಬೇಡ. ನೀರಿನ ಲೆಕ್ಕ ಬಂದ ಕೂಡಲೇ ಪ್ರತಿ ಬರಹದಲ್ಲೂ 'ನೀರಿದ್ರೆ ಹಿಂಗೆ, ಇಲ್ಲದಿದ್ರೆ ಹಂಗೆ' ಅಂತ ಎರಡೆರಡು ಸಲ ಬರೀಬೇಕಾಗುತ್ತೆ.

ತಲೆಬರಹ ಎಲ್ಲಿಂದ ತರೋದು? ನಾನು ಮಾಡಿದ್ದು ಇಷ್ಟೇ. ಹೋದ ಎರಡು ಹಂಗಾಮಿನಲ್ಲಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಶೇಂಗಾ ಬಗ್ಗೆ ಬಂದ ಪ್ರಶ್ನೆ, ವಾಯ್ಸ್ ಮೆಸೇಜೂ ಸೇರಿ, ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಕೇಳಿದೋರ ಮಾತಿನಲ್ಲೇ, ತಿದ್ದದೆ. ಆಮೇಲೆ ಗೂಗಲ್‌ನಲ್ಲಿ 'ಶೇಂಗಾ' ಅಂತ ಬರೆದು ಬಿಟ್ಟರೆ ಕೆಳಗೆ ತಾನಾಗೇ ಏನೇನು ತೋರಿಸುತ್ತೆ ಅದನ್ನೂ ಬರೆದುಕೊಂಡೆ. ಒಟ್ಟು ನಲವತ್ತರ ಮೇಲೆ ಆಯ್ತು. ನಲವತ್ತು ಪ್ರಶ್ನೆ ಅಂದ್ರೆ ನಲವತ್ತು ಬರಹ ಅಂತ ಅಲ್ಲ. ಉತ್ತರ ಒಂದೇ ಆದ್ರೆ ಬರಹವೂ ಒಂದೇ.

ಎಲೆ ವಿಷಯವನ್ನೇ ತಗೊಳ್ಳಿ. 'ಟಿಕ್ಕಾ ರೋಗಕ್ಕೆ ಔಷಧಿ', 'ಎಲೆ ಚುಕ್ಕೆ ರೋಗ', 'ಶೇಂಗಾ ಎಲೆ ಉದುರ್ತಾ ಇದೆ', 'ಎಲೆ ಕೆಳಗೆ ಕಿತ್ತಳೆ ಪುಡಿ'. ನಾಲ್ಕು ಪ್ರಶ್ನೆ. ಮೊದಲ ಮೂರು ಬಹುತೇಕ ಒಂದೇ ಎಲೆ ಚುಕ್ಕೆ, ನಾಲ್ಕನೆಯದು ತುಕ್ಕು ರೋಗ. ಹೊಲದಲ್ಲಿ ಇವೆರಡೂ ಜೊತೇಲೇ ಬರ್ತವೆ, ನೋಡೋದೂ ಎಲೆ ತಿರುಗಿಸಿಯೇ. ಕಂದು ಚುಕ್ಕೆ ಸುತ್ತ ಹಳದಿ ಉಂಗುರ ಇದ್ರೆ ಮುಂಚಿನ ಎಲೆ ಚುಕ್ಕೆ, ಎಲೆಯ ಅಡಿಗೆ ಕಪ್ಪನೆ ಚುಕ್ಕೆ ಇದ್ರೆ ತಡವಾಗಿ ಬರೋ ಎಲೆ ಚುಕ್ಕೆ, ಕಿತ್ತಳೆ ಗುಳ್ಳೆ ಇದ್ದು ಬೆರಳಿಗೆ ಪುಡಿ ಅಂಟಿದ್ರೆ ತುಕ್ಕು. ಇದಕ್ಕೆ ನಾಲ್ಕು ಬರಹ ಮಾಡಿದ್ರೆ ನಾವೇ ನಮಗೆ ಎದುರಾಳಿ. ಒಂದೇ ಮಾಡಬೇಕು.

ಆದ್ರೆ 'ಎಲೆ ಹಳದಿ ಆಗಿದೆ' ಅನ್ನೋದು ಬೇರೆ ಬರಹ. ಅದಕ್ಕೆ ರೋಗದ ಹೆಸರೇ ಇಲ್ಲ. ಎಳೇ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ರೆ ಕಬ್ಬಿಣದ ಕೊರತೆ, ಸುಣ್ಣದ ಅಂಶ ಜಾಸ್ತಿ ಇರೋ ನೆಲದಲ್ಲಿ ಇದು ಮಾಮೂಲು. ಕೆಳಗಿನ ಹಳೇ ಎಲೆಯಿಂದ ಶುರುವಾಗಿ ಪೂರ್ತಿ ಹಳದಿಗೆ ತಿರುಗಿದ್ರೆ ಸಾರಜನಕದ ಕಡೆ ನೋಡಬೇಕು. ನೀರು ನಿಂತ ತಗ್ಗಿನಲ್ಲಿ ಮಾತ್ರ ಹಳದಿ ಇದ್ರೆ ಬೇರು ಉಸಿರಾಡ್ತಿಲ್ಲ ಅಂತ. ಮೂರಕ್ಕೂ ಮಾಡೋ ಕೆಲಸ ಬೇರೆ ಬೇರೆ, ಕೇಳೋ ಪ್ರಶ್ನೆ ಮಾತ್ರ ಒಂದೇ. ರೈತ ಹುಡುಕೋದು ಕಣ್ಣಿಗೆ ಕಂಡದ್ದನ್ನ. 'ಲೋಹಾಂಶ ಕೊರತೆ ನಿರ್ವಹಣೆ' ಅಂತ ಅವನು ಬರೆಯೋದಿಲ್ಲ, ಕಾರಣ ಗೊತ್ತಿದ್ರೆ ಅವನು ಹುಡುಕ್ತಾನೇ ಇರಲಿಲ್ಲ. ಹಂಗಾಗಿ ತಲೆಬರಹ ಲಕ್ಷಣದ ಮೇಲೆ ಇರಲಿ, ರೋಗದ ಹೆಸರು ಒಳಗೆ ಬರಲಿ.

ಗಿಡ ಸಾಯೋದೂ ಇದೇ ಥರ. ಬಿತ್ತಿದ ಮೊದಲ ತಿಂಗಳೊಳಗೆ ಸತ್ತು ಬುಡದಲ್ಲಿ ಕಪ್ಪು ಮಸಿಯಂಥ ಪುಡಿ ಇದ್ರೆ ಕುತ್ತಿಗೆ ಕೊಳೆ. ಆಮೇಲೆ ಸತ್ತು ಬುಡದಲ್ಲಿ ಬಿಳಿ ನೂಲು, ಸಾಸಿವೆಯಂಥ ಗುಂಡು ಇದ್ರೆ ಕಾಂಡ ಕೊಳೆ. ಕಿತ್ತಾಗ ಬೇರೇ ಇಲ್ಲದಿದ್ರೆ ಗೊಣ್ಣೆ ಹುಳ. 'ಗಿಡ ಒಣಗಿ ಸಾಯ್ತಿದೆ, ಬುಡ ಕಿತ್ತು ನೋಡಿ' ಅಂತ ಒಂದೇ ತಲೆಬರಹ ಸಾಕು.

ಹಿಂಗೆ ಕೂಡಿಸಿ ಕಳೆದು ಉಳಿದದ್ದು ಇವು:

ಮೇಟಿ: ಮಳೆ ನಂಬಿದ ಶೇಂಗಾ, ಬಿತ್ತನೆಯಿಂದ ಮಾರಾಟದವರೆಗೆ (ಚಳ್ಳಕೆರೆ, ಮೊಳಕಾಲ್ಮೂರು ಹೊಲಗಳಿಗೆ)

- ಶೇಂಗಾ ತಳಿ: ಟಿಎಂವಿ-2 ಇರಲಾ, ಕದಿರಿ ತಳಿಗೆ ಹೋಗಲಾ?
- ಮನೆ ಶೇಂಗಾ ಬೀಜ: ಮೊಳಕೆ ಪರೀಕ್ಷೆ, ಬೀಜೋಪಚಾರ
- ಜುಲೈ ದಾಟಿದ ಮೇಲೆ ಶೇಂಗಾ ಬಿತ್ತಬಹುದಾ?
- ಶೇಂಗಾಕ್ಕೆ ಜಿಪ್ಸಂ: ಯಾವಾಗ, ಎಷ್ಟು, ಎಲ್ಲಿಗೆ?
- ಶೇಂಗಾ ಎಲೆ ಹಳದಿ ಆಗಿದೆ, ಏನು ಕಾರಣ?
- ಶೇಂಗಾ ಎಲೆ ಮೇಲೆ ಚುಕ್ಕೆ: ಟಿಕ್ಕಾನಾ, ತುಕ್ಕಾ?
- ಶೇಂಗಾ ಗಿಡ ಒಣಗಿ ಸಾಯ್ತಿದೆ: ಬುಡ ಕಿತ್ತು ನೋಡಿ
- ಶೇಂಗಾ ಕೀಳೋಕೆ ಬಂದಿದೆಯಾ? ಕಾಯಿ ಒಡೆದು ನೋಡೋ ಬಗೆ
- ಕಿತ್ತ ಶೇಂಗಾ ಒಣಗಿಸಿ ಇಡೋದು: ಬೂಸ್ಟು ಬರದ ಹಾಗೆ
- ಶೇಂಗಾ ಬೆಂಬಲ ಬೆಲೆ: ಈ ವರ್ಷ ಎಷ್ಟು, ಮಾರೋದು ಹೇಗೆ?
- ಶೇಂಗಾ ಬೆಳೆ ವಿಮೆ: ನಷ್ಟವಾದರೆ 72 ಗಂಟೆಯೊಳಗೆ ಏನು ಮಾಡಬೇಕು?

ತೊಗರಿ ಅಕ್ಕಡಿ ಸಾಲು ಯಾಕಿಲ್ಲ ಅಂತ ಕೇಳ್ತೀರಿ. ಅದು ಸದ್ಯ ಮೇಟಿಯಲ್ಲೇ ನಾಲ್ಕು ಸಾಲು ಇರಲಿ. ಎಷ್ಟು ಸಾಲು ಶೇಂಗಾಕ್ಕೆ ಎಷ್ಟು ಸಾಲು ತೊಗರಿ ಹಾಕಿ ಎಷ್ಟು ಬಂತು ಅಂತ ಲೆಕ್ಕ ಇಟ್ಟೋರು ನಮ್ಮ ಗುಂಪಿನಲ್ಲಿ ಯಾರಾದ್ರೂ ಕೊಟ್ಟಾಗ ಅದಕ್ಕೆ ಸ್ವಂತ ಬರಹ. ಹೇಳೋಕೆ ಇಲ್ಲದಿದ್ದಾಗ ಬರೀ ತಲೆಬರಹ ತುಂಬಿಸಿಟ್ಟರೆ, ಓದೋಕೆ ಬಂದವನು ಮುಂದಿನ ಸಲ ಬರೋದಿಲ್ಲ. 'ಇವತ್ತಿನ ಚಳ್ಳಕೆರೆ ಮಾರ್ಕೆಟ್ ದರ' ಕೂಡ ನಾನೇ ಹೊಡೆದು ಹಾಕಿದ್ದು. ನಾಳೆಗೆ ಅದು ಸುಳ್ಳು.

ಮೇಟಿ ಪುಟದಲ್ಲಿ ಎಷ್ಟು ಬರೀಬೇಕು, ಸುತ್ತಿನ ಬರಹದಲ್ಲಿ ಎಷ್ಟು ಅನ್ನೋದರಲ್ಲೇ ಬಹಳ ಜನ ಎಡವೋದು. ಜಿಪ್ಸಂನ ಉದಾಹರಣೆಗೆ ತಗೋತೀನಿ. ಮೇಟಿಯಲ್ಲಿ ಇಷ್ಟು ಸಾಕು: 'ಬಿತ್ತಿದ 35ರಿಂದ 40 ದಿನಕ್ಕೆ, ಹೂವು ಬಿಟ್ಟು ಸೂಜಿ ನೆಲಕ್ಕೆ ಇಳಿಯೋ ಹೊತ್ತಿಗೆ, ನೆಲದಲ್ಲಿ ಹಸಿ ಇದ್ದಾಗ ಎಕರೆಗೆ 200 ಕೆಜಿ ಜಿಪ್ಸಂ ಸಾಲಿನ ಪಕ್ಕ ಹಾಕಿ ಎಡೆಕುಂಟೆ ಹೊಡೆದು ಬುಡಕ್ಕೆ ಮಣ್ಣು ಕೊಡಿ. ಕಾಯಿ ಜೊಳ್ಳಾಗೋದು ಕಡಿಮೆಯಾಗುತ್ತೆ.' ಇದರ ಕೆಳಗೆ ಜಿಪ್ಸಂ ಬರಹಕ್ಕೆ ಕೊಂಡಿ. ಹೊಲದ ಬದುವಿನಲ್ಲಿ ನಿಂತು ಓದೋನಿಗೆ ಇದರಲ್ಲೇ ಕೆಲಸ ಆಗಬೇಕು, ಕೊಂಡಿ ಒತ್ತದೇ ಇದ್ರೂ. ಒಬ್ಬರು 'ಜಿಪ್ಸಂ ಮುಖ್ಯ, ಇಲ್ಲಿ ಒತ್ತಿ' ಅಂತ ಮಾತ್ರ ಬರೆಯೋಣ ಅಂದ್ರು, ಒತ್ತೋರು ಜಾಸ್ತಿ ಆಗ್ತಾರೆ ಅಂತ. ಅದು ನನಗೆ ಒಪ್ಪಿಗೆ ಇಲ್ಲ. ನೆಟ್‌ವರ್ಕ್ ಸಿಗದ ಹೊಲದಲ್ಲಿ ಎರಡನೇ ಪುಟ ತೆರೆಯೋದೇ ಇಲ್ಲ.

ಸುತ್ತಿನ ಬರಹದಲ್ಲಿ 'ಯಾಕೆ', 'ಆಗದಿದ್ರೆ ಏನು' ಅನ್ನೋದು ಬರಬೇಕು. ಶೇಂಗಾ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನ ನೆಲದಿಂದ ತಾನೇ ಹೀರಿಕೊಳ್ಳುತ್ತೆ. ಬೇರು ಎಳೆದದ್ದು ಎಲೆಗೆ ಹೋಗುತ್ತೆ, ಅಲ್ಲಿಂದ ತಿರುಗಿ ಕಾಯಿಗೆ ಇಳಿಯೋದಿಲ್ಲ. ಅದಕ್ಕೇ ಜಿಪ್ಸಂ ಕಾಯಿ ಕಟ್ಟೋ ಮೇಲ್ಮಣ್ಣಿನಲ್ಲಿ ಇರಬೇಕು, ಅದಕ್ಕೇ ಹಸಿಯೂ ಇರಬೇಕು, ಒಣ ಮಣ್ಣಿನಲ್ಲಿ ಕರಗದೆ ಸುಮ್ಮನೆ ಬಿದ್ದಿರುತ್ತೆ. 'ಬಿತ್ತುವಾಗ ಸೂಪರ್ ಹಾಕಿದ್ದೀನಿ, ಇದು ಬೇಕಾ ಅಣ್ಣ?' ಅನ್ನೋದು ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಸಲ ಇದೆ. ಸೂಪರ್‌ನಲ್ಲೂ ಸುಣ್ಣ, ಗಂಧಕ ಇದೆ ನಿಜ, ಆದ್ರೆ ಬಿತ್ತುವಾಗ ಕೂರಿಗೆ ಸಾಲಿನ ಆಳಕ್ಕೆ ಹೋದದ್ದು ಕಾಯಿ ಕಟ್ಟೋ ಜಾಗಕ್ಕೆ ಸಾಲೋದಿಲ್ಲ. 45 ದಿನ ದಾಟಿ ಸೂಜಿ ನೆಲ ಹೊಕ್ಕಿದ ಮೇಲೆ ಕುಂಟೆ ಹೊಡೆದ್ರೆ ಸೂಜಿ ಕಿತ್ತು ನಷ್ಟವೇ ಜಾಸ್ತಿ, ಆಗ ಏನು ಮಾಡಬೇಕು ಅನ್ನೋದೂ ಇಲ್ಲೇ ಬರಬೇಕು. ಇಷ್ಟನ್ನೆಲ್ಲ ಮೇಟಿಗೇ ತುಂಬಿದ್ರೆ ಎರಡು ತೊಂದರೆ. ಪುಟ ಮುಗಿಯೋದಿಲ್ಲ, ಸುತ್ತಿನ ಬರಹಕ್ಕೆ ಹೇಳೋಕೆ ಏನೂ ಉಳಿಯೋದಿಲ್ಲ.

ಕೊಂಡಿ ಹಾಕುವಾಗ 'ಇಲ್ಲಿ ಒತ್ತಿ' ಅನ್ನೋ ಪದದ ಮೇಲೆ ಹಾಕಬೇಡಿ. 'ಶೇಂಗಾಕ್ಕೆ ಜಿಪ್ಸಂ ಯಾವಾಗ ಹಾಕಬೇಕು' ಅನ್ನೋ ಮಾತಿನ ಮೇಲೇ ಹಾಕಿ, ಒತ್ತಿದ್ರೆ ಏನು ಸಿಗುತ್ತೆ ಅಂತ ಓದೋನಿಗೂ ಗೂಗಲ್‌ಗೂ ಗೊತ್ತಾಗುತ್ತೆ. ಸುತ್ತಿನ ಬರಹ ಒಂದಕ್ಕೊಂದು ಕೊಂಡಿ ಹಾಕೋದು ಸಂಬಂಧ ಇದ್ದಾಗ ಮಾತ್ರ. ಕೀಳೋ ಬರಹದಿಂದ ಒಣಗಿಸೋ ಬರಹಕ್ಕೆ ಕೊಂಡಿ ಬೇಕೇ ಬೇಕು. ತಳಿ ಬರಹದಿಂದ ವಿಮೆಗೆ ಬೇಡ.

ಹೆಸರಿನ ಗೊಂದಲ ಒಂದಿದೆ. ನಾವು ಶೇಂಗಾ ಅಂತೀವಿ, ತುಮಕೂರು, ಕೋಲಾರದ ಕಡೆ ಕಡಲೆಕಾಯಿ, ಪುಸ್ತಕದಲ್ಲಿ ನೆಲಗಡಲೆ. ಒಂದೊಂದು ಹೆಸರಿಗೆ ಒಂದೊಂದು ಬರಹ ಮಾಡೋಣ ಅನ್ನೋ ಸಲಹೆ ಬಂತು. ಬೇಡ. ತಲೆಬರಹದಲ್ಲಿ ನಮ್ಮ ಶೇಂಗಾನೇ ಇರಲಿ, ಮೊದಲ ಪ್ಯಾರಾದಲ್ಲಿ 'ಶೇಂಗಾ ಅಂದ್ರೆ ಕಡಲೆಕಾಯಿ' ಅಂತ ಸಹಜವಾಗಿ ಒಮ್ಮೆ ಬರಲಿ. ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಡಬೇಕು. ಕನ್ನಡದಲ್ಲಿ ಇಟ್ಟರೆ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದಾಗ `%E0%B2%B6%E0%B3%87` ಅಂತ ಉದ್ದಕ್ಕೆ ಬರುತ್ತೆ, ಇದೇನೋ ವೈರಸ್ಸು ಅಂತ ನಮ್ಮೋರು ಮುಟ್ಟೋದೇ ಇಲ್ಲ. ಹಿಂಗಿದ್ರೆ ಸಾಕು:

```
/shenga/
/shenga/gypsum/
/shenga/ele-haladi/
/shenga/bembala-bele/
```

ವಿಳಾಸದಲ್ಲಿ ವರ್ಷ ಸೇರಿಸಬೇಡಿ. ಶೇಂಗಾ ಬೆಂಬಲ ಬೆಲೆ 2024-25ಕ್ಕೆ ಕ್ವಿಂಟಾಲಿಗೆ 6,783 ರೂಪಾಯಿ ಇತ್ತು, 2025-26ಕ್ಕೆ 7,263 ಆಯ್ತು. ವರ್ಷಕ್ಕೊಂದು ಹೊಸ ಪುಟ ಮಾಡ್ತಾ ಹೋದ್ರೆ ಯಾರೋ ಹಳೇ ಪುಟ ತೆರೆದು ಹಳೇ ಬೆಲೆ ನಂಬಿ ದಲ್ಲಾಳಿಗೆ ಒಪ್ಪಿಕೊಂಡುಬಿಡ್ತಾನೆ. ಅದೇ ವಿಳಾಸ, ಅದೇ ಪುಟ, ಒಳಗೆ ಅಂಕಿ ಬದಲಾಯಿಸಿ ಮೇಲೆ 'ತಿದ್ದಿದ ದಿನಾಂಕ' ಹಾಕಿದ್ರೆ ಆಯ್ತು. ಇದು ಹನ್ನೊಂದರಲ್ಲಿ ಒಂದಕ್ಕೆ ಮಾತ್ರ ವರ್ಷವರ್ಷ ಬರೋ ಕೆಲಸ, ವಿಮೆ ಬರಹದ ಕೊನೇ ದಿನಾಂಕವನ್ನೂ ಸೇರಿಸಿದ್ರೆ ಎರಡು.

ಎಲ್ಲಾ ಹಾಕಿ ಎರಡು ಮೂರು ತಿಂಗಳಾದ ಮೇಲೆ ಒಂದು ಸಲ ತಪಾಸಣೆ ಬೇಕು. ಗೂಗಲ್‌ನ Search Console ಬಿಟ್ಟಿ ಸಿಗುತ್ತೆ. ಅದರಲ್ಲಿ `Performance` ತೆರೆದು, ಯಾವ ಪದ ಹುಡುಕಿ ಜನ ನಮ್ಮಲ್ಲಿಗೆ ಬಂದ್ರು ಅಂತ ನೋಡಬಹುದು. ಒಂದು ಪದದ ಮೇಲೆ ಒತ್ತಿ `Pages` ಗೆ ಹೋದ್ರೆ ಆ ಪದಕ್ಕೆ ನಮ್ಮ ಯಾವ ಪುಟ ಕಾಣಿಸ್ತಿದೆ ಅಂತ ಗೊತ್ತಾಗುತ್ತೆ. 'ಶೇಂಗಾ ಎಲೆ ರೋಗ' ಅನ್ನೋದಕ್ಕೆ ಒಂದು ವಾರ ಚುಕ್ಕೆ ಪುಟ, ಇನ್ನೊಂದು ವಾರ ಹಳದಿ ಪುಟ ಅಂತ ಅದಲುಬದಲು ಆಗ್ತಾ, ಎರಡೂ ಕೆಳಗೇ ಉಳಿದ್ರೆ ಎರಡರ ಗಡಿ ನಾವು ಸರಿಯಾಗಿ ಹಾಕಿಲ್ಲ ಅಂತ. ಆಗ ಒಂದರಲ್ಲಿ ಮತ್ತೊಂದರ ಮಾತು ಎಲ್ಲಿ ನುಗ್ಗಿದೆ ನೋಡಿ ಕಡಿಯಬೇಕು, ಇಲ್ಲಾ ಎರಡನ್ನೂ ಕೂಡಿಸಿ ಹಳೇ ವಿಳಾಸವನ್ನ ಹೊಸದಕ್ಕೆ ತಿರುಗಿಸಬೇಕು. ಮೇಟಿ ಪುಟ 'ಜಿಪ್ಸಂ' ಪದಕ್ಕೆ ಕಾಣಿಸಿಕೊಂಡು, ಜಿಪ್ಸಂ ಬರಹ ಎಲ್ಲೂ ಕಾಣದಿದ್ರೆ ಮೇಟಿಯಲ್ಲಿ ಜಾಸ್ತಿ ಬರೆದುಬಿಟ್ಟಿದ್ದೀವಾ ಅಂತ ಮೊದಲು ನೋಡಬೇಕು. ನಾವು ಬರೆಯದೇ ಇರೋ ಪದಕ್ಕೆ ಜನ ಬಂದಿದ್ರೆ ಅದೇ ಹನ್ನೆರಡನೇ ತಲೆಬರಹ. ಕೂತು ಊಹೆ ಮಾಡೋದಕ್ಕಿಂತ ಇದು ಮೇಲು.

ಇದರ ಮಿತಿಯೂ ಹೇಳಿಬಿಡ್ತೀನಿ. ಔಷಧಿ ಅಂಗಡಿಯವರ ಪುಟಗಳಿಗೆ ದುಡ್ಡು ಸುರಿಯೋರಿದ್ದಾರೆ, 'ಟಿಕ್ಕಾ ರೋಗಕ್ಕೆ ಔಷಧಿ' ಅನ್ನೋದಕ್ಕೆ ನಾವು ಅವರನ್ನ ಹಿಂದೆ ಹಾಕ್ತೀವಿ ಅಂತ ನನಗೆ ನಂಬಿಕೆ ಇಲ್ಲ. 'ಜುಲೈ ದಾಟಿದ ಮೇಲೆ ಶೇಂಗಾ ಬಿತ್ತಬಹುದಾ' ಅನ್ನೋದಕ್ಕೆ ಯಾವ ಕಂಪನಿಯೂ ಬರೆಯೋದಿಲ್ಲ, ಅದರಲ್ಲಿ ಮಾರೋಕೆ ಏನೂ ಇಲ್ಲವಲ್ಲ. ನಮ್ಮ ಬಲ ಅಂಥ ತಲೆಬರಹದಲ್ಲಿದೆ. ಹಂಗಂತ ಬಾಯಿಗೆ ಬಂದದ್ದು ಬರೆಯೋ ಹಂಗಿಲ್ಲ. ಔಷಧಿ ಹೆಸರು, ಪ್ರಮಾಣ ಬರೋ ಕಡೆಯೆಲ್ಲ ಹಿರಿಯೂರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರಿಗೆ ಓದಿಸಿಯೇ ಹಾಕಬೇಕು ಅನ್ನೋದು ನನ್ನ ಹಠ. ನಮ್ಮ ಪುಟ ನಂಬಿ ಒಬ್ಬ ಹೆಚ್ಚಿನ ಪ್ರಮಾಣ ಹೊಡೆದ್ರೆ ಸುಡೋದು ಅವನ ಬೆಳೆ.

ಬರೆಯೋ ಸರದಿ ಬೆಳೆಯ ಸರದಿಯಂಗೇ ಇರಲಿ, ಆದ್ರೆ ಒಂದು ತಿಂಗಳು ಮುಂಚೆ. ಹೊಸ ಪುಟವನ್ನ ಗೂಗಲ್ ಕಂಡುಕೊಳ್ಳೋಕೆ ಕೆಲವು ದಿನ, ಒಮ್ಮೊಮ್ಮೆ ವಾರಗಟ್ಟಲೆ ಹಿಡಿಯುತ್ತೆ. ಜಿಪ್ಸಂ ಹಾಕೋ ದಿನಕ್ಕೆ ಜಿಪ್ಸಂ ಬರಹ ಹಾಕಿದ್ರೆ ಅದು ಮುಂದಿನ ವರ್ಷದ ರೈತನಿಗೆ ಬರೆದಂಗೆ. ಮೊದಲು ಮೇಟಿ, ಚಿಕ್ಕದಾದ್ರೂ ಸರಿ, ಹನ್ನೊಂದು ಭಾಗವೂ ಇರಲಿ. ಆಮೇಲೆ ಮನೆ ಬೀಜ, ತಳಿ, ಜಿಪ್ಸಂ ಈ ಮೂರು ಬಿತ್ತನೆಗೆ ಮುಂಚೆ. ಎಲೆ ಮತ್ತು ಬುಡದ ಮೂರು ಬರಹ ಜುಲೈ ಒಳಗೆ, ಫೋಟೋ ಸಮೇತ. ಫೋಟೋ ಇಂಟರ್ನೆಟ್ಟಿನಿಂದ ಎತ್ತಿದ್ದು ಬೇಡ, ನಮ್ಮ ಹೊಲದ್ದೇ ಬೇಕು.

ನಿಮ್ಮ ಫೋನಿನಲ್ಲಿ ಹೋದ ವರ್ಷದ ಎಲೆ ಹಳದಿ, ತುಕ್ಕು, ಬುಡ ಕೊಳೆತ ಗಿಡದ ಫೋಟೋ ಇದ್ರೆ ಕಳಿಸಿ, ಯಾವ ಹಳ್ಳಿ, ಬಿತ್ತಿ ಎಷ್ಟು ದಿನಕ್ಕೆ ತೆಗೆದದ್ದು ಅಂತ ಬರೆದು. ಒಣಗಿಸಿ ಇಡೋ ಬರಹಕ್ಕೆ, ಕಿತ್ತ ಮೇಲೆ ಎಷ್ಟು ದಿನ ಬಿಸಿಲು ಕೊಟ್ಟು ಚೀಲಕ್ಕೆ ತುಂಬಿದ್ರಿ, ಚೀಲದಲ್ಲಿ ಬೂಸ್ಟು ಬಂತಾ ಇಲ್ವಾ ಅನ್ನೋ ಲೆಕ್ಕ ಇದ್ದೋರು ಫೋನ್ ಮಾಡಿ. ರಾತ್ರಿ ಎಂಟರ ಮೇಲೆ ಸಿಗ್ತೀನಿ.